ಎಡಿಟರ್ ಕೈಗೆ ಹಾರ್ಡ್ ಡಿಸ್ಕ್ ಕೊಡುವ ಮೊದಲು

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಮಾಟುಂಗದ ಹಳೆಯ ಉಡುಪಿ ಹೋಟೆಲುಗಳಲ್ಲಿ ದುಡಿದವರ ಮಾತನ್ನು ಕನ್ನಡದಲ್ಲಿ ಚಿತ್ರೀಕರಿಸುತ್ತೇನೆ. ಮೊದಲ ಎಡಿಟರ್ ಸಿಕ್ಕ ಖುಷಿಯಲ್ಲಿ ನನ್ನ ಹತ್ತಿರವಿದ್ದ ಒಂದೇ ಹಾರ್ಡ್ ಡಿಸ್ಕನ್ನು ಅವರಿಗೆ ಕೊಟ್ಟುಬಿಟ್ಟೆ. ಎರಡು ತಿಂಗಳಾದ ಮೇಲೆ ಡಿಸ್ಕ್ ವಾಪಸ್ ಬಂತು. ಆದರೆ ಜಾಗ ಸಾಲದೆ ಅವರು ಹಳೆಯ ಫೂಟೇಜ್ ಅಳಿಸಿದ್ದರು. ಒಬ್ಬ ಹಿರಿಯ ಭಟ್ಟರು ಮುಕ್ಕಾಲು ಗಂಟೆ ಮಾತಾಡಿದ್ದರು. ಅವರು ಈಗಿಲ್ಲ. ಉಳಿದಿರುವುದು ಯೂಟ್ಯೂಬಿನಲ್ಲಿರುವ 6 ನಿಮಿಷ ಮಾತ್ರ. ಎಡಿಟರನ್ನು ಬೈಯಲಾರೆ. ಅಳಿಸಬೇಡಿ ಅಂತ ನಾನು ಹೇಳಿರಲೇ ಇಲ್ಲ.

ಈಗ ಎರಡು ಡಿಸ್ಕಿಗೆ ಕಾಪಿ ಆಗುವವರೆಗೆ ಕ್ಯಾಮೆರಾದ ಕಾರ್ಡ್ ಫಾರ್ಮ್ಯಾಟ್ ಮಾಡುವುದಿಲ್ಲ. ಒಂದು ಡಿಸ್ಕ್ ತಮ್ಮನ ಮನೆಯಲ್ಲಿರುತ್ತದೆ. ಎಡಿಟರಿಗೆ ಕಳಿಸುವುದು ಪ್ರಾಕ್ಸಿ, ಅಂದರೆ 720ಪಿಗೆ ಇಳಿಸಿದ ಹಗುರ ಕಾಪಿ. ಫೈಲ್ ಹೆಸರು, ಫ್ರೇಮ್ ರೇಟ್, ಆಡಿಯೊ ಟ್ರ್ಯಾಕುಗಳು ಒರಿಜಿನಲ್‌ನಲ್ಲಿ ಇದ್ದ ಹಾಗೇ ಇರಬೇಕು. ಇಲ್ಲದಿದ್ದರೆ ಕೊನೆಗೆ ಒರಿಜಿನಲ್ ಜೋಡಿಸುವಾಗ ಫೈಲ್ ಸಿಗದೆ ಕ್ಲಿಪ್ ಆಫ್‌ಲೈನ್ ಅಂತ ತೋರಿಸುತ್ತದೆ, ಇಲ್ಲವೇ ಧ್ವನಿ ಜಾರುತ್ತದೆ. ಕಟ್ ಮುಗಿದ ಮೇಲೆ ಅವರು ಪ್ರಾಜೆಕ್ಟ್ ಫೈಲ್, ಅಂದರೆ ಮಾಡಿದ ಕಟ್‌ಗಳೆಲ್ಲ ದಾಖಲಾಗಿರುವ ಫೈಲ್, ಕಳಿಸುತ್ತಾರೆ. ಪ್ರಾಕ್ಸಿಯಲ್ಲಿ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಭಾನುವಾರ ನಮ್ಮ ಮನೆಗೆ ಬಂದು ಒರಿಜಿನಲ್ ಮೇಲೆ ಬಣ್ಣ ತಿದ್ದುತ್ತಾರೆ. ಆ ದಿನದ ಕೂಲಿ ಬೇರೆ. ಚಾನೆಲ್ ಪಾಸ್‌ವರ್ಡ್ ಕೊಡುವುದಿಲ್ಲ. ಯೂಟ್ಯೂಬ್ ಸ್ಟುಡಿಯೊದ ಪರ್ಮಿಷನ್ಸ್‌ನಲ್ಲಿ ಅವರ ಇಮೇಲ್ ಸೇರಿಸಿದರೆ ಸಾಕು.

ಸಂಬಳದಲ್ಲೂ ನಾನು ಅನ್ಯಾಯ ಮಾಡಿದ್ದೆ. ತಯಾರಾದ ವಿಡಿಯೊದ ನಿಮಿಷ ಲೆಕ್ಕಹಾಕಿ ಕೊಡುತ್ತಿದ್ದೆ. 90 ನಿಮಿಷ ಕೂತು ನೋಡಿ 8 ನಿಮಿಷ ಹೆಕ್ಕುವವರಿಗೆ ಅದು ಮೋಸ ಅಲ್ವಾ? ಈಗ ಕಚ್ಚಾ ಫೂಟೇಜಿನ ಉದ್ದದ ಮೇಲೆ ದರ. ಅರ್ಧ ಮುಂಗಡ. ಎರಡು ಸುತ್ತಿನ ತಿದ್ದುಪಡಿ ಅದರಲ್ಲೇ ಸೇರಿದೆ, ಮೂರನೆಯದಕ್ಕೆ ಜಾಸ್ತಿ. ಕೆಲಸಕ್ಕೆ ತೆಗೆದುಕೊಳ್ಳುವ ಮೊದಲಿನ ಟ್ರಯಲ್‌ಗೂ ಹಣ ಕೊಡುತ್ತೇನೆ.

ಸುಮ್ನೆ ‘ಚೆನ್ನಾಗಿ ಕಟ್ ಮಾಡಿ’ ಅಂದರೆ ಎಡಿಟರ್ ಹುಡುಗ ಏನು ಮಾಡಬೇಕು? ಈಗ ಹೀಗೆ ಬರೆಯುತ್ತೇನೆ: ‘12:40ಕ್ಕೆ ಮಾತಾಡುವವರು ಊರು ಬಿಟ್ಟ ದಿನ ನೆನೆದು ಸುಮ್ಮನಾಗುತ್ತಾರೆ. ಆ ಮೌನ ಕತ್ತರಿಸಬೇಡಿ, ಅಲ್ಲಿ ಮ್ಯೂಸಿಕ್ ಬೇಡ. 31:00ರಿಂದ ಹಣದ ಜಗಳದ ಮಾತು, ಪೂರ್ತಿ ತೆಗೆಯಿರಿ.’ ಥಂಬ್‌ನೇಲ್‌ಗಾದರೆ: ಒಂದು ಮುಖ, ಮೂರೇ ಪದ, ಕೆಳಗೆ ಬಲಮೂಲೆ ಖಾಲಿ. ಅಲ್ಲಿ ವಿಡಿಯೊದ ಅವಧಿ ಕೂರುತ್ತದೆ.

ಹಕ್ಕಿನ ವಿಷಯವನ್ನು ವಾಟ್ಸಾಪ್ ಮಾತಿಗೆ ಬಿಡಬೇಡಿ. ಹೊರಗಿನ ಡಿಸೈನರ್‌ಗೆ ಹಣ ಕೊಟ್ಟ ಮಾತ್ರಕ್ಕೆ ಥಂಬ್‌ನೇಲ್ ಹಕ್ಕು ತಾನಾಗಿ ನಮ್ಮದಾಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರೆದುಕೊಟ್ಟು ಸಹಿ ಹಾಕಬೇಕು. ಅವಧಿ ಬರೆಯದಿದ್ದರೆ 5 ವರ್ಷ ಮಾತ್ರ. ಜಾಗ ಬರೆಯದಿದ್ದರೆ ಭಾರತಕ್ಕಷ್ಟೇ. ನಮ್ಮ ವಿಡಿಯೊ ದುಬೈಯಲ್ಲೂ ನೋಡುತ್ತಾರೆ. ಹಾಗಾಗಿ ನಮ್ಮ ಒಪ್ಪಂದ ಪತ್ರದಲ್ಲಿ ಎರಡನ್ನೂ ಬರೆದಿದ್ದೇವೆ, ಪ್ರಾಜೆಕ್ಟ್ ಫೈಲನ್ನೂ ಹೆಸರಿಸಿದ್ದೇವೆ. ಮಾಡಿದ ಕೆಲಸವನ್ನು ತನ್ನ ಮುಂದಿನ ಗಿರಾಕಿಗಳಿಗೆ ತೋರಿಸಬಹುದೇ ಅಂತ ಈಗಿನ ಎಡಿಟರ್ ಕೇಳಿದ. ತೋರಿಸಬಹುದು ಅನ್ನುವ ಸಾಲನ್ನು ನಾನೇ ನನ್ನ ಕೈಯಾರೆ ಸೇರಿಸಿದೆ.