ಪ್ಯಾಕೆಟ್ ಹಿಂದಿನ ಶೇಕಡಾ ಲೆಕ್ಕ

ಅಂಗಡಿಯಲ್ಲಿ ಎರಡು ಮಿಕ್ಸ್ಚರ್ ಪ್ಯಾಕೆಟ್ ತಿರುಗಿಸಿ ನೋಡ್ತೀರಿ. ಒಂದರಲ್ಲಿ ಸೋಡಿಯಂ 9%, ಇನ್ನೊಂದರಲ್ಲಿ 10.5%. ಬಿಪಿ ಇರೋರು ಮನೇಲಿದ್ದರೆ 9% ಇರೋದನ್ನೇ ಬುಟ್ಟಿಗೆ ಹಾಕ್ತೀರಿ, ಅಲ್ವಾ? ನಾನು ಹೇಳೋದು, ಸ್ವಲ್ಪ ತಡೀರಿ.

ಈ ಶೇಕಡಾ ಅಂದರೆ ದಿನದ ಮಿತಿಯಲ್ಲಿ ಎಷ್ಟು ಪಾಲು ಒಂದು ಸರ್ವಿಂಗ್‌ನಿಂದ, ಅಂದರೆ ಒಂದು ಸಲಕ್ಕೆ ತಿನ್ನೋದು ಅಂತ ಕಂಪನಿ ಇಟ್ಟುಕೊಂಡ ಅಳತೆಯಿಂದ, ಬರುತ್ತೆ ಅನ್ನೋ ಲೆಕ್ಕ. ಆ ಸರ್ವಿಂಗ್ ಎಷ್ಟು ಗ್ರಾಂ ಅನ್ನೋದು ಎರಡೂ ಪ್ಯಾಕೆಟ್‌ನಲ್ಲಿ ಒಂದೇ ಇರಬೇಕಿಲ್ಲ. ಮೊದಲನೆಯದರಲ್ಲಿ 20 ಗ್ರಾಂ, ಎರಡನೆಯದರಲ್ಲಿ 30 ಗ್ರಾಂ ಅಂದುಕೊಳ್ಳಿ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಸೋಡಿಯಂಗೆ ದಿನದ ಮಿತಿ 2000 ಮಿಲಿಗ್ರಾಂ, ಅಂದರೆ ಸುಮಾರು 5 ಗ್ರಾಂ ಉಪ್ಪು. ಅದರಲ್ಲಿ 9% ಅಂದರೆ 180 ಮಿಲಿಗ್ರಾಂ. ಅಷ್ಟು ಸೋಡಿಯಂ ಬರೀ 20 ಗ್ರಾಂ ಮಿಕ್ಸ್ಚರ್‌ನಲ್ಲಿದೆ. ನೂರು ಗ್ರಾಂಗೆ ಲೆಕ್ಕ ಹಾಕಿದರೆ 900. ಇನ್ನೊಂದರಲ್ಲಿ 30 ಗ್ರಾಂಗೆ 210, ನೂರು ಗ್ರಾಂಗೆ 700. ಶೇಕಡಾ ಕಮ್ಮಿ ಕಂಡದ್ದರಲ್ಲೇ ಉಪ್ಪು ಜಾಸ್ತಿ!

ಇಷ್ಟಕ್ಕೂ ಸಂಜೆ ಕಾಫಿ ಜೊತೆ 20 ಗ್ರಾಂ ತೂಗಿ ತಿನ್ನೋರು ಯಾರು? ಒಂದು ಬಟ್ಟಲು, ಹತ್ತಿರ ಹತ್ತಿರ 60 ಗ್ರಾಂ ತಿಂದರೆ ಮೊದಲನೆಯದು 27%, ಎರಡನೆಯದು 21%.

ಅದಕ್ಕೇ ಒಂದೇ ಬಗೆಯ ಎರಡು ಪದಾರ್ಥ ಹೋಲಿಸುವಾಗ ನಾನು ಶೇಕಡಾ ಕಾಲಂ ನೋಡೋದೇ ಇಲ್ಲ. ಪಕ್ಕದಲ್ಲಿ ‘100 ಗ್ರಾಂಗೆ’ ಅಂತ ಇರೋ ಕಾಲಂ ನೋಡಿದರೆ ಸಾಕು. ಆದರೆ ಅದನ್ನೂ ಎಲ್ಲದಕ್ಕೂ ಅನ್ವಯಿಸೋಕಾಗಲ್ಲ. ಉಪ್ಪಿನಕಾಯಿಯ 100 ಗ್ರಾಂ ಲೆಕ್ಕ ನೋಡಿದರೆ ಹೌಹಾರಬೇಕು, ಯಾರೂ ಅಷ್ಟು ತಿನ್ನಲ್ಲ. ಉಪ್ಪಿನಕಾಯಿಗೂ ಬ್ರೆಡ್‌ಗೂ ಹೋಲಿಸಬೇಕಾದರೆ ನಾವು ನಿಜವಾಗಿ ತಿನ್ನೋ ಅಳತೆಯೇ ಬೇಕು. ಶೇಕಡಾ ಕೆಲಸಕ್ಕೆ ಬರೋದು ಅಲ್ಲೇ. ಅದೂ ಸರ್ವಿಂಗ್‌ನ ಗ್ರಾಂ ನೋಡಿ, ನಾವು ತಿಂದಿದ್ದಕ್ಕೆ ಹಿಗ್ಗಿಸಿಕೊಂಡ ಮೇಲೆ.

ಅಮೆರಿಕದಿಂದ ಬಂದ ನೆಂಟರು ತರೋ ಪ್ಯಾಕೆಟ್‌ಗಳ ಲೆಕ್ಕವೇ ಬೇರೆ. ಅಲ್ಲಿ ಸೋಡಿಯಂಗೆ ದಿನದ ಮಿತಿ 2300 ಮಿಲಿಗ್ರಾಂ. ಹಾಗಾಗಿ ಅದೇ 230 ಮಿಲಿಗ್ರಾಂ ಅಲ್ಲಿ 10%, ಇಲ್ಲಿ 11.5%. ಆ ಪ್ಯಾಕೆಟ್ಟನ್ನು ನಮ್ಮದರ ಪಕ್ಕ ಇಟ್ಟರೆ ಮಿಲಿಗ್ರಾಂ ನೋಡಬೇಕು, ಶೇಕಡಾ ಅಲ್ಲ.

ಇನ್ನು ಸಕ್ಕರೆ. ಇಲ್ಲಿ ಶೇಕಡಾ ಇರೋದು ಹೊರಗಿಂದ ಸೇರಿಸಿದ ಸಕ್ಕರೆಗೆ ಮಾತ್ರ, ದಿನಕ್ಕೆ 50 ಗ್ರಾಂ ಲೆಕ್ಕದಲ್ಲಿ. ಒಟ್ಟು ಸಕ್ಕರೆಗೆ ಶೇಕಡಾ ಇಲ್ಲ. ಖರ್ಜೂರದ ಬಾರ್ ಮೇಲೆ 0% ಅಂತ ಇದ್ದರೂ ಸಿಹಿ ಖರ್ಜೂರದ್ದೇ ಬೇಕಾದಷ್ಟಿರುತ್ತೆ. ಸಕ್ಕರೆ ಕಾಯಿಲೆ ಇರೋರು ‘ಒಟ್ಟು ಸಕ್ಕರೆ’ ಸಾಲು, ಅದರ ಜೊತೆಗೆ ಕಾರ್ಬೋಹೈಡ್ರೇಟ್ ಸಾಲು ಓದಿ.

ಮಕ್ಕಳಿಗೆ ಅಂತ ಮಾರೋ ಬಿಸ್ಕತ್ತಿನ ಹಿಂದೆಯೂ ಸಾಮಾನ್ಯವಾಗಿ ದೊಡ್ಡವರಿಗೆ ದಿನಕ್ಕೆ 2000 ಕ್ಯಾಲೊರಿ ಅನ್ನೋ ಲೆಕ್ಕವೇ ಇರೋದು. ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಅಷ್ಟು ಬೇಕಾಗಲ್ಲ. ಹಾಗಾಗಿ ಅಲ್ಲಿ 10% ಅಂತ ಓದಿದರೆ, ಮಗುವಿನ ಪಾಲಿಗೆ ಅದಕ್ಕಿಂತ ಜಾಸ್ತಿ ಅಂತಲೇ ತಿಳೀರಿ.