ಮೊದಲ ಫೋನಿನಲ್ಲಿ "ಮತ್ತೆ?" ಅನ್ನಬೇಡಿ

ನಮ್ಮ ಶಿರಸಿ ಕಡೆ ಜಾತಕ ಕೂಡಿದ ಮೇಲೆ ಈಗ ಹೊಸದೊಂದು ಶಾಸ್ತ್ರ ಸೇರಿಕೊಂಡಿದೆ. ಹೆಣ್ಣು ನೋಡಲು ಹೋಗುವ ಮೊದಲೇ ಮಾಣಿಯ ನಂಬರ್ ಕೂಸಿಗೆ, ಕೂಸಿನ ನಂಬರ್ ಮಾಣಿಗೆ ಕೊಟ್ಟು "ಒಂದ್ಸಲ ಮಾತಾಡ್ಕಳಿ" ಎನ್ನುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಏನು ಮಾತಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಹೆಣ್ಣು ನೋಡುವ ದಿನವಾದರೆ ಎದುರಿಗೆ ಅವಲಕ್ಕಿ, ಕೇಸರಿಬಾತ್ ಇರುತ್ತದೆ. ಮಾತು ನಿಂತಾಗ ಬಾಯಿಗೆ ಬೇರೆ ಕೆಲಸ ಸಿಗುತ್ತದೆ. ಫೋನಿನಲ್ಲಿ ಅದೂ ಇಲ್ಲ.

ನನ್ನ ಅಕ್ಕನ ಮಗ ತೋಟ ನೋಡಿಕೊಂಡು ಊರಲ್ಲೇ ಇದ್ದಾನೆ. ಅವನಿಗೆ ಬಂದ ಸಂಬಂಧ ಕುಮಟಾ ಕಡೆಯ ಹುಡುಗಿಯದು. ಅವಳಿಗೆ ಕಾರವಾರದಲ್ಲಿ ಕೆಲಸ. ಮೊದಲ ಫೋನ್ ಹೇಗಿತ್ತು ಎಂದು ಕೇಳಿದರೆ ಅವನು ಪೂರ್ತಿ ಒಪ್ಪಿಸಿದ. ಒಪ್ಪಿಸಲು ಜಾಸ್ತಿ ಏನೂ ಇರಲಿಲ್ಲ.

"ಊಟ ಆತಾ?"
"ಆತು. ನಿಮ್ದು?"
"ಆತು. ಮಳೆ ಇದ್ದಾ ಅಲ್ಲಿ?"
"ಇದ್ದು."
"ಮತ್ತೆ?"
"ಮತ್ತೆ ನೀವೇ ಹೇಳಿ."

ಇಬ್ಬರದ್ದೂ ತಪ್ಪಿಲ್ಲ. ಪ್ರಶ್ನೆಗಳೇ ಹಾಗಿವೆ. ಒಂದೊಂದಕ್ಕೂ ಒಂದೇ ಪದದ ಉತ್ತರ ಸಾಕು. ಇನ್ನು "ಮತ್ತೆ?" ಅನ್ನುವುದು ಪ್ರಶ್ನೆಯೇ ಅಲ್ಲ. ನನಗೆ ಏನೂ ಹೊಳೆಯುತ್ತಿಲ್ಲ, ನೀನೇ ಯೋಚನೆ ಮಾಡು ಎಂದು ಭಾರ ದಾಟಿಸುವ ಉಪಾಯ ಅಷ್ಟೇ. ಆಚೆಯವರಿಗೂ ಹೊಳೆಯದಿದ್ದರೆ ಅಲ್ಲಿಗೆ ಮುಗಿಯಿತು. ಓದು, ಕೆಲಸ, ಅಣ್ಣ-ತಂಗಿ ಎಷ್ಟು ಜನ ಎನ್ನುವುದಂತೂ ಬಯೋಡೇಟಾದಲ್ಲೇ ಇದೆ. ಅದನ್ನೇ ಮತ್ತೆ ಕೇಳಿದರೆ ಓದಿಲ್ಲ ಅಂತ ಒಪ್ಪಿಕೊಂಡ ಹಾಗೆ.

ನಾನು ಅವನಿಗೆ ಹೇಳಿದ್ದು ಇಷ್ಟು. ಹೊಸ ವಿಷಯ ಹುಡುಕಬೇಡ, ಅವಳು ಹೇಳಿದ್ದರಲ್ಲೇ ಒಂದು ಪದ ಹಿಡಿ. ಅವಳು "ಕಾರವಾರದಲ್ಲಿ ರೂಮ್ ಮಾಡಿದ್ದೇನೆ, ರಜೆಗೆ ಟ್ರೇನಿನಲ್ಲಿ ಕುಮಟಾಕ್ಕೆ ಬರ್ತೇನೆ" ಅಂದಿದ್ದಳಂತೆ. ಇದರಲ್ಲಿ ರೂಮು, ರಜೆ, ಟ್ರೇನು ಮೂರೂ ಇವೆ. ನಮ್ಮವನು "ಓ ಹೌದಾ" ಎಂದು ಸುಮ್ಮನಾಗಿದ್ದನಂತೆ. ಟ್ರೇನು ಹಿಡಿದಿದ್ದರೆ ಸಾಕಿತ್ತು. ಸೀಟು ಸಿಗುತ್ತಾ? ನದಿ ದಾಟುವಾಗ ಕಿಟಕಿ ಪಕ್ಕ ಕೂತಿರ್ತೀರಾ, ಬಾಗಿಲ ಹತ್ತಿರ ನಿಂತಿರ್ತೀರಾ? ಆ ದಾರಿಯಲ್ಲಿ ಗಂಗಾವಳಿ ಬರುತ್ತದೆ, ಅಘನಾಶಿನಿ ಬರುತ್ತದೆ. ಸುರಂಗ ಬಂದಾಗ ಫೋನ್ ಕಟ್ಟಾಗುವುದು ಬೇರೆ ಇದೆ. ಆಗಾಗ ಓಡಾಡುವವರಿಗೆ ಇಂಥದ್ದರ ಮೇಲೆ ಹೇಳಲು ಒಂದು ಕತೆಯಾದರೂ ಇರುತ್ತದೆ.

ಇದು ಬರೀ ನನ್ನ ಅನಿಸಿಕೆ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಅಪರಿಚಿತರ ಮಾತುಕತೆಗಳನ್ನು ಕೂತು ನೋಡಿದ್ದರು. ಗಂಡು-ಹೆಣ್ಣು ಕೆಲವೇ ನಿಮಿಷ ಮಾತಾಡಿ ಮುಂದಿನವರ ಹತ್ತಿರ ಹೋಗುವ ಸ್ಪೀಡ್ ಡೇಟಿಂಗ್ ಕೂಡ ಅದರಲ್ಲಿತ್ತು. ಎದುರಿನವರ ಉತ್ತರಕ್ಕೆ ಅಂಟಿಕೊಂಡೇ ಮುಂದಿನ ಪ್ರಶ್ನೆ ಕೇಳಿದವರು ಜಾಸ್ತಿ ಇಷ್ಟವಾಗಿದ್ದರು. ಪ್ರಶ್ನೆಯನ್ನು ಪಟ್ಟಿ ಮಾಡಿ ಇಟ್ಟುಕೊಂಡವನಿಗೆ ಇದು ಕಷ್ಟ. ಅವನ ಗಮನವೆಲ್ಲ ಪಟ್ಟಿಯ ಮೇಲೇ ಇರುತ್ತದೆ, ಉತ್ತರ ಕೇಳಿಸುವುದೇ ಇಲ್ಲ.

ಮೊದಲ ವಿಷಯ ಮಾತ್ರ ಒಂದು ಮೊದಲೇ ಬೇಕು. ನಮ್ಮ ಘಟ್ಟದ ಮೇಲಿನವರಿಗೆ ಅದು ರೆಡಿಯಾಗಿಯೇ ಇದೆ: "ನಿಮ್ಮನೇಲಿ ಸಿಗ್ನಲ್ ಎಲ್ಲಿ ಸಿಗ್ತದೆ?" ಮಾವಿನ ಮರದ ಬುಡದಲ್ಲಿ, ಕೊಟ್ಟಿಗೆ ಮಾಡಿನ ಹತ್ತಿರ, ಗುಡ್ಡ ಹತ್ತಿದರೆ ಎರಡು ಕಡ್ಡಿ, ಹೀಗೆ ಪ್ರತಿ ಮನೆಗೂ ಒಂದು ಜಾಗ ಇದೆ. ಎಲ್ಲಿ ನಿಂತು ಮಾತಾಡ್ತಿದ್ದೀರಿ ಎಂದು ಹೇಳುವಷ್ಟರಲ್ಲಿ ಅರ್ಧ ಮನೆ ಕಣ್ಣಿಗೆ ಬಂದಿರುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯೂ ಒಳ್ಳೆಯದೇ. ಘಟ್ಟದ ಕೆಳಗಿನವರೂ ಬಂದಿರುತ್ತಾರೆ. ಆದರೆ "ಜಾತ್ರೆಗೆ ಬಂದಿದ್ರಾ?" ಎಂದರೆ ಹೂಂ ಅಂತ ಮುಗಿಯುತ್ತದೆ. "ಜಾತ್ರೆಯಲ್ಲಿ ತಗೊಂಡು ಆಮೇಲೆ ಒಮ್ಮೆಯೂ ಬಳಸದ ಸಾಮಾನು ಯಾವುದು?" ಎಂದು ಕೇಳಿ ನೋಡಿ.

ಸಿಗ್ನಲ್ ವಿಷಯ ಬಂತಲ್ಲ, ಅದರದ್ದೇ ಇನ್ನೊಂದು ತೊಂದರೆ ಇದೆ. ಜನ ಎದುರು ಬದುರು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದ್ದು ಶುರುವಾಗುವ ನಡುವೆ ಸುಮಾರು 0.2 ಸೆಕೆಂಡ್ ಮಾತ್ರ ಬಿಡುವು ಇರುತ್ತದಂತೆ. 2009ರಲ್ಲಿ ಪ್ರಕಟವಾದ ಹತ್ತು ಭಾಷೆಗಳ ಅಧ್ಯಯನದಲ್ಲಿ ಕಂಡದ್ದು ಅದು. ನೆಟ್ ಸರಿ ಇಲ್ಲದ ಕಡೆ ವಾಟ್ಸಾಪ್ ಕಾಲ್ ಮಾಡಿದರೆ ಧ್ವನಿ ತಲುಪುವುದೇ ಅದಕ್ಕಿಂತ ತಡ. ನೀವು ನಗೆಚಟಾಕಿ ಹಾರಿಸುತ್ತೀರಿ, ಆ ಕಡೆ ಮೌನ. ಇಷ್ಟ ಆಗಲಿಲ್ಲ ಅಂದುಕೊಂಡು ನೀವು ಬೇರೆ ಮಾತು ಶುರು ಮಾಡುವಷ್ಟರಲ್ಲಿ ಅವಳ ನಗು ಬರುತ್ತದೆ. ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತದೆ. "ಹೇಳಿ ಹೇಳಿ", "ಇಲ್ಲ ನೀವು ಹೇಳಿ", ಮತ್ತೆ ಮೌನ. ತಡ ಮಾಡಿದ್ದು ನೆಟ್‌ವರ್ಕು, ಬೇಸರದವರು ಅನ್ನಿಸಿಕೊಂಡವರು ಮನುಷ್ಯರು. ಇದನ್ನು ಪತ್ತೆ ಮಾಡುವುದು ಸುಲಭ. ಒಂದು, ಎರಡು, ಮೂರು ಅಂತ ಸರದಿಯಲ್ಲಿ ಒಬ್ಬರಾದ ಮೇಲೊಬ್ಬರು ಎಣಿಸಿ. ನಡುವೆ ಜಗ್ಗಿದರೆ ಕಾಲ್ ಕಟ್ ಮಾಡಿ ಮಾಮೂಲಿ ಫೋನ್ ಮಾಡಿ. ಎಣಿಸುವಾಗ ಇಬ್ಬರಿಗೂ ನಗು ಬಂದರೆ ಅದು ಲಾಭ.

ಈಗ ಆಟ. ಅಂತ್ಯಾಕ್ಷರಿ ಆಡಿ ಅಂತ ಸಲಹೆ ಕೊಡುವವರು ಇದ್ದಾರೆ. ಮೊದಲ ಸಲ ಮಾತಾಡುವವರಿಗೆ ಹಾಡು ಹೇಳಿ ಎನ್ನುವುದು ಹಿಂಸೆ, ನನ್ನ ಮಟ್ಟಿಗಂತೂ ಬೇಡವೇ ಬೇಡ. ಒಗಟು ಕೇಳುವುದೂ ಅಷ್ಟೇ. "ಬಿಳಿ ಕುದುರೆಗೆ ಹಸಿರು ಬಾಲ" ಎಂದರೆ ಗೊತ್ತಿದ್ದವರು ತಕ್ಷಣ ಮೂಲಂಗಿ ಎನ್ನುತ್ತಾರೆ. ಗೊತ್ತಿಲ್ಲದವರಿಗೆ ಪರೀಕ್ಷೆಗೆ ಕೂತ ಹಾಗಾಗುತ್ತದೆ. ಎರಡರಲ್ಲೂ ಮಾತು ಬೆಳೆಯುವುದಿಲ್ಲ.

ನನಗೆ ಹಿಡಿಸಿದ್ದು ಹಳೆಯ ಇಪ್ಪತ್ತು ಪ್ರಶ್ನೆಯ ಆಟ. ಸ್ವಲ್ಪ ಬದಲಾಯಿಸಿಕೊಳ್ಳಬೇಕು. ಒಬ್ಬರು ತಮ್ಮ ಮನೆ ಅಥವಾ ಅಂಗಳದಲ್ಲಿ ಇರುವ ಒಂದು ವಸ್ತು ನೆನೆಸಿಕೊಳ್ಳಬೇಕು. ಇನ್ನೊಬ್ಬರು ಹೌದು-ಅಲ್ಲ ಎಂದು ಉತ್ತರಿಸುವ ಪ್ರಶ್ನೆ ಕೇಳಿ ಅದನ್ನು ಕಂಡುಹಿಡಿಯಬೇಕು. ಇಪ್ಪತ್ತು ಬೇಡ, ಹತ್ತು ಸಾಕು. ಪ್ರತಿ ಪ್ರಶ್ನೆಯೂ ಉಳಿದದ್ದನ್ನು ಸರಿಯಾಗಿ ಅರ್ಧ ಮಾಡಿದರೆ ಹತ್ತರಲ್ಲಿ 1024 ಸಾಮಾನುಗಳನ್ನು ಬೇರೆ ಮಾಡಬಹುದು. ನಮ್ಮ ಅಟ್ಟದ ಮೇಲಿನದ್ದನ್ನು ಬಿಟ್ಟರೆ ಒಂದು ಮನೆಗೆ ಅಷ್ಟು ಧಾರಾಳ. ಹಾಗಾಗಿ ಮೊದಲೇ "ಸೌಟಾ?" ಎಂದು ಕೇಳಬಾರದು. "ಮನೆ ಒಳಗಿನದ್ದಾ?" ಎಂದು ಶುರು ಮಾಡಬೇಕು.

ಒಂದೇ ಪದದ ಉತ್ತರ ಬೇಡ ಎಂದವಳು ಈಗ ಹೌದು-ಅಲ್ಲ ಆಟ ಹೇಳುತ್ತಿದ್ದಾಳಲ್ಲ ಎಂದು ಕೇಳಬಹುದು. ಈ ಆಟದಲ್ಲಿ ನಿಯಮ ಮುರಿಯುವುದೇ ಮುಖ್ಯ. ಎರಡನೇ ಫೋನಿನಲ್ಲಿ ಇವರು ಆಡಿದ್ದು ನೋಡಿ. ನಮ್ಮವನು ನೆನೆಸಿಕೊಂಡದ್ದು ಮೆಟ್ಟುಗತ್ತಿ, ಅಂದರೆ ಈಳಿಗೆ ಮಣೆ.

"ಮನೆ ಒಳಗಿನದ್ದಾ?" "ಹೌದು."
"ಅಡುಗೆಮನೇದಾ?" "ಹೌದು."
"ಕರೆಂಟ್ ಬೇಕಾ?" "ಬೇಡ."
"ಒಲೆ ಮೇಲೆ ಇಡ್ತಾರಾ?" "ಇಲ್ಲ."
"ದಿನಾ ಬಳಸ್ತೀರಾ?" "ಅಮ್ಮ ಬಳಸ್ತಾಳೆ."
"ನೀವು?" "ನಾನು... ಹಲಸಿನಕಾಯಿ ಕೊಚ್ಚೂಕೆ ಮಾತ್ರ."

ಇಲ್ಲಿಗೆ ಆಟ ನಿಂತು ಮಾತು ಶುರುವಾಯಿತು. ಹಲಸಿನಕಾಯಿಯನ್ನು ಎಂತಕ್ಕೆ ಕೊಚ್ಚುವುದು, ಪಲ್ಯಕ್ಕಾ ಹಪ್ಪಳಕ್ಕಾ? ಹಪ್ಪಳ ಒಣಗಿಸುವುದು ಎಲ್ಲಿ, ಕಾಗೆ ಓಡಿಸುವುದು ಯಾರು? ದಿನದ ತರಕಾರಿ ನೀವ್ಯಾಕೆ ಹೆಚ್ಚುವುದಿಲ್ಲ? ಈ ಕೊನೆಯ ಪ್ರಶ್ನೆಗೆ ಅವನು ತಡವರಿಸಿದನಂತೆ. ತಡವರಿಸಲಿ. ಮದುವೆಯಾದ ಮೇಲೆ ಅಡುಗೆಮನೆಯಲ್ಲಿ ಯಾರು ಎಷ್ಟು ಮಾಡುತ್ತಾರೆ ಎಂದು ಮೊದಲ ವಾರವೇ ನೇರವಾಗಿ ಕೇಳಲು ಯಾವ ಹುಡುಗಿಗೂ ಸುಲಭವಲ್ಲ. ಮೆಟ್ಟುಗತ್ತಿಯ ನೆಪದಲ್ಲಿ ಕೇಳಿಯಾಯಿತು. ಹೌದು-ಅಲ್ಲ ಬಿಟ್ಟು ಒಬ್ಬರ ಬಾಯಿಂದ ಹೆಚ್ಚಿನ ಪದ ಬಂದ ಕೂಡಲೇ ಲೆಕ್ಕ ಬಿಡಬೇಕು. "ಇದು ಆರನೇ ಪ್ರಶ್ನೆ, ಮುಂದೆ ಕೇಳಿ" ಎನ್ನುವವರ ಜೊತೆ ಆಡುವುದು ಕಷ್ಟ.

ವಸ್ತು ಆರಿಸುವಾಗ ಒಂದು ಎಚ್ಚರ ಬೇಕು. ತೋಟದವರಿಗಷ್ಟೇ ಗೊತ್ತಿರುವ ದೋಟಿ, ಅಡಿಕೆ ಕೊನೆಗೆ ಕಟ್ಟುವ ಕೊಟ್ಟೆ ಇಂಥದ್ದನ್ನು ನೆನೆಸಿಕೊಂಡರೆ ಕರಾವಳಿಯಲ್ಲಿ ಬೆಳೆದ ಹುಡುಗಿ ಹತ್ತಲ್ಲ, ಐವತ್ತು ಪ್ರಶ್ನೆ ಕೇಳಿದರೂ ಸಿಗುವುದಿಲ್ಲ. ಇಬ್ಬರ ಮನೆಯಲ್ಲೂ ಇರುವಂಥದ್ದೇ ಆಗಬೇಕು. ಒಂದೆರಡು ಸುತ್ತು ಆದ ಮೇಲೆ ಬಿಡಿ. ಮೂರನೆಯದು ಬೋರು.

ಎರಡು ನಿಜ, ಒಂದು ಸುಳ್ಳು ಹೇಳಿ ಸುಳ್ಳು ಯಾವುದೆಂದು ಹುಡುಕಿಸುವ ಆಟವೂ ನಡೆಯುತ್ತದೆ. ಆದರೆ ನಮ್ಮಲ್ಲಿ ಫೋನ್ ಇಟ್ಟ ಕೂಡಲೇ "ಎಂತ ಹೇಳಿದ?" ಎಂದು ಕೇಳಲು ಮನೆಯವರು ಕಾದಿರುತ್ತಾರೆ. ತಮಾಷೆಗೆ ಹೇಳಿದ ಸುಳ್ಳು ಅತ್ತೆ, ಚಿಕ್ಕಮ್ಮನ ಬಾಯಿಗೆ ಹೋಗಿ ನಿಜವಾಗಿ ವಾಪಸ್ ಬರುತ್ತದೆ. ಪರಿಚಯ ಸ್ವಲ್ಪ ಬಲಿತ ಮೇಲೆ ಆಡಬಹುದು.

ಎಷ್ಟು ಹೊತ್ತು ಮಾತಾಡಬೇಕು? ಇಪ್ಪತ್ತು ನಿಮಿಷ ಸಾಕು ಎನ್ನುವುದು ನನ್ನ ಅಭಿಪ್ರಾಯ. ಮೊದಲೇ ಹೇಳಿಬಿಡಿ: "ಎಂಟೂವರೆಗೆ ಊಟಕ್ಕೆ ಕರೀತಾರೆ, ಅಲ್ಲಿವರೆಗೆ ಮಾತಾಡುವಾ." ಮುಗಿಯುವ ಹೊತ್ತು ಗೊತ್ತಿದ್ದರೆ ನಡುವಿನ ಮೌನ ಅಷ್ಟು ಚುಚ್ಚುವುದಿಲ್ಲ. ಇಡುವಾಗ ಒಂದು ಎಳೆ ಬಿಟ್ಟಿಡಿ. ಟ್ರೇನಿನ ಕಿಟಕಿಯಿಂದ ಒಂದು ಫೋಟೋ ಕಳಿಸಿ ಎಂದು ಕೇಳಿದರೆ ಮುಂದಿನ ಫೋನಿಗೆ "ಊಟ ಆತಾ" ಬೇಕಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವು ಫೋನು ಏಳುವುದಿಲ್ಲ. ನೆಟ್‌ವರ್ಕ್ ಚೆನ್ನಾಗಿದೆ, ನೀವು ಅವಳ ಮಾತಿನಿಂದಲೇ ಪ್ರಶ್ನೆ ಕೇಳುತ್ತಿದ್ದೀರಿ, ಆದರೂ ಉತ್ತರ ಸಣ್ಣದಾಗುತ್ತಲೇ ಹೋಗುತ್ತದೆ. ತಿರುಗಿ ಒಂದು ಪ್ರಶ್ನೆಯೂ ಬರುವುದಿಲ್ಲ. ನಾಚಿಕೆಯವರಾದರೆ ಹತ್ತು ನಿಮಿಷದ ನಂತರವಾದರೂ "ನಿಮ್ಮ ಕಡೆ ಹೇಗೆ?" ಎಂದು ಒಂದು ಮಾತು ಕೇಳುತ್ತಾರೆ. ಅದೂ ಇಲ್ಲ ಎಂದಾದರೆ ಅಲ್ಲಿ ಆಟ ಆಡಿಸಲು ಹೋಗಬೇಡಿ. ಅವರಿಗೆ ಈ ಸಂಬಂಧ ಬೇಡವಾಗಿರಬಹುದು, ಮನೆಯವರಿಗೆ ಹೇಳಲು ಆಗುತ್ತಿಲ್ಲದಿರಬಹುದು. ಹುಡುಗನಾಗಲಿ ಹುಡುಗಿಯಾಗಲಿ, ಮೆಲ್ಲಗೆ ಕೇಳಿ: "ಮನೆಯವರು ಹೇಳಿದ್ದಕ್ಕೆ ಮಾತಾಡ್ತಿದ್ದೀರಾ? ಹಾಗಿದ್ರೆ ಹೇಳಿ, ಬೇಡ ಅಂತ ನಾನೇ ನಮ್ಮ ಕಡೆಯಿಂದ ತಿಳಿಸ್ತೇನೆ." ಕೇಳಿದ ಮೇಲೆ ಉತ್ತರ ಬರುವವರೆಗೆ ನೀವು ಬಾಯಿ ಬಿಡಬೇಡಿ, ಎಷ್ಟು ಹೊತ್ತಾದರೂ ಸರಿ.