‘ನಾನು ಮೋಸಗಾರ ಅಲ್ಲ ಸರ್’

ಅಪರಿಚಿತರೊಬ್ಬರಿಗೆ ನಾನು ಕಳಿಸಿದ ಮೊದಲ ಮೆಸೇಜನ್ನು ಯಥಾವತ್ತಾಗಿ ಕೊಡುತ್ತೇನೆ.

“ಹಾಯ್ ಸರ್. ಸ್ವಲ್ಪ ಅರ್ಜೆಂಟ್. ಈಗ ನಿಮ್ಮ ಮೊಬೈಲಿಗೆ ಒಂದು ಓಟಿಪಿ ಬಂದಿರುತ್ತೆ. ಪ್ಲೀಸ್ ಕಳಿಸಿ. ನಾನು ಮೋಸಗಾರ ಅಲ್ಲ ಸರ್.”

ಎರಡು ನೀಲಿ ಗೀಟು ಬಿತ್ತು. ಅರ್ಧ ನಿಮಿಷ ಕಳೆದು ನೋಡಿದರೆ, ಆ ಕಡೆಯವರ ಡೀಪಿಯಲ್ಲಿ ಬೆಣ್ಣೆ ತಿನ್ನುತ್ತಿದ್ದ ಬಾಲಕೃಷ್ಣ ಮಾಯವಾಗಿ ಬೂದು ಬಣ್ಣದ ಬೋಳು ತಲೆ ಕೂತಿತ್ತು. ನನ್ನನ್ನು ಬ್ಲಾಕ್ ಮಾಡಿದ್ದರು. ಅವರ ಜಾಗದಲ್ಲಿ ಯಾರೇ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದರು. ಸೈಬರ್ ವಂಚಕರಿಗೆಂದು ಯಾರಾದರೂ ಟ್ಯುಟೋರಿಯಲ್ ನಡೆಸುತ್ತಿದ್ದರೆ ಈ ಮೆಸೇಜಿಗೆ ನೂರಕ್ಕೆ ನೂರು ಕೊಡುತ್ತಿದ್ದರು.

ಆದದ್ದು ಇಷ್ಟೇ. ಸಾಗರದಲ್ಲಿರುವ ಅಪ್ಪನ ಹತ್ತಿರ ಎರಡು ಸಿಮ್ ಇದ್ದವು. “ಒಂದು ಬಾಯಿಗೆ ಎರಡು ನಂಬರ್ ಯಾಕೆ?” ಎಂದು ಹಳೆಯದಕ್ಕೆ ರೀಚಾರ್ಜ್ ನಿಲ್ಲಿಸಿದರು. ನಿಲ್ಲಿಸಿದ ಸಂಗತಿಯನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬಳಸದೆ ಬಿಟ್ಟ ನಂಬರನ್ನು ಕಂಪನಿಯವರು ಕೊನೆಗೊಮ್ಮೆ ರದ್ದು ಮಾಡುತ್ತಾರೆ. ರದ್ದಾದ ಮೇಲೆ ಕಡಿಮೆ ಎಂದರೆ 90 ದಿನ ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, ಆಮೇಲೆ ಕೊಡಬಹುದು. ಅಪ್ಪನದ್ದನ್ನೂ ಯಾರಿಗೋ ಕೊಟ್ಟಿದ್ದರು. ಗ್ಯಾಸ್ ಕನೆಕ್ಷನ್‌ಗೆ ಕೊಟ್ಟಿದ್ದು ಅದೇ ನಂಬರು.

ಹಳೆಯ ಡೆಲಿವರಿ ಹುಡುಗ ಪರಿಚಯದವನು, ಸಿಲಿಂಡರ್ ಇಳಿಸಿ ದುಡ್ಡು ಇಸಕೊಂಡು ಹೋಗುತ್ತಿದ್ದ. ಈ ಸಲ ಬಂದ ಹೊಸಬ ಗೇಟಿನಲ್ಲೇ ನಿಂತು “ಓಟಿಪಿ ಹೇಳಿ ಅಮ್ಮಾ” ಎಂದ. ಅಮ್ಮ ಒಳಗೆ ಓಡಿ ಅಪ್ಪನ ಫೋನು ತಂದು ತೋರಿಸಿದರು. ಅದರಲ್ಲಿದ್ದದ್ದು ಶುಭೋದಯದ ಗುಲಾಬಿ ಮಾತ್ರ. ಕೋಡು ಹೋಗಿದ್ದು ಬಾಲಕೃಷ್ಣನ ಫೋನಿಗೆ. ಅಮ್ಮ ಬೆಂಗಳೂರಿಗೆ ಫೋನ್ ಮಾಡಿ, “ಹುಡುಗ ಗೇಟಲ್ಲೇ ನಿಂತಿದಾನೆ, ಬೇಗ ಏನಾದ್ರೂ ಮಾಡು” ಎಂದರು. ಅದರ ಫಲವೇ ಮೇಲಿನ ಮೆಸೇಜು. ಸಿಲಿಂಡರ್ ವಾಪಸು ಹೋಯಿತು. ಅಮ್ಮ ಎರಡು ದಿನ ಬಚ್ಚಲೊಲೆಯ ಪಕ್ಕ ಅನ್ನ ಮಾಡಿ, ಅದನ್ನು ಎರಡು ವರ್ಷಕ್ಕೆ ಸಾಲುವಷ್ಟು ಹೇಳಿಕೊಂಡರು.

ರಾತ್ರಿ ಹೆಂಡತಿಗೆ ಮೆಸೇಜು ತೋರಿಸಿದೆ. ಅವಳು ಅಪರಿಚಿತೆಯ ಧಾಟಿಯಲ್ಲಿ ಗಟ್ಟಿಯಾಗಿ ಓದಿದಳು. “ಹಾಯ್ ಸರ್. ಯಾವ ಸರ್? ಅರ್ಜೆಂಟ್. ಯಾರಿಗೆ? ಓಟಿಪಿ ಕಳಿಸಿ. ಸರಿ ಹೋಯ್ತು. ಮೋಸಗಾರ ಅಲ್ಲ. ರೀ, ಹಾಲಿಗೆ ನೀರು ಹಾಕಿಲ್ಲ ಅಂತ ಹಾಲಿನವನು ತಾನಾಗೇ ಹೇಳಿದ್ರೆ ನಾವೇನು ಅಂದ್ಕೋತೀವಿ?”

ಗೊತ್ತಿಲ್ಲದ ನಂಬರಿನ ಮೆಸೇಜು ಬಂದರೆ ಪರದೆಯ ಮೇಲೆ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ. ತೆರೆಯುವುದೋ ಬೇಡವೋ ಎಂದು ಅಲ್ಲೇ ತೀರ್ಮಾನವಾಗುತ್ತದೆ. ನನ್ನ ಆ ಒಂದೆರಡು ಸಾಲಿನಲ್ಲಿ ಹಾಯ್, ಅರ್ಜೆಂಟ್, ಓಟಿಪಿ ಮೂರೂ ಇದ್ದವು. ನನ್ನ ಹೆಸರು, ಊರು, ಆ ನಂಬರು ನನಗೆ ಹೇಗೆ ಸಿಕ್ಕಿತು ಎನ್ನುವುದು ಎಲ್ಲೂ ಇರಲಿಲ್ಲ.

ಸರಿ, ವಿವರ ಇರಲಿಲ್ಲ ತಾನೇ ಎಂದು ಎರಡನೆಯ ಕರಡಿನಲ್ಲಿ ವಿವರ ಸುರಿದೆ. ಅಪ್ಪನ ಪೂರ್ತಿ ಹೆಸರು, ಅವರು ನಿವೃತ್ತ ಮೇಷ್ಟ್ರು ಎಂಬುದು, ಮನೆ ಇರುವ ಬೀದಿ, ಗ್ಯಾಸ್ ಗ್ರಾಹಕ ಸಂಖ್ಯೆ, ಬೈಪಾಸ್ ಆಪರೇಷನ್ನು, ಪೆನ್ಷನ್ ಬರುವ ಬ್ಯಾಂಕ್ ಖಾತೆಗೂ ಇದೇ ನಂಬರು ಇರುವುದರಿಂದ ಅವರು ರಾತ್ರಿ ನಿದ್ದೆ ಮಾಡುತ್ತಿಲ್ಲ ಎಂಬ ಕರುಣಾಜನಕ ಮುಕ್ತಾಯ. ಜೊತೆಗೆ ನಂಬಿಕೆ ಬರಲೆಂದು ಗ್ಯಾಸ್ ಪುಸ್ತಕದ ಫೋಟೋ. ಮುಗಿಸಿದಾಗ ನನ್ನ ಕಣ್ಣೇ ತೇವವಾಗಿತ್ತು.

ಹೆಂಡತಿಯ ಕಣ್ಣು ಕೆಂಪಾಯಿತು. “ಮೊದಲನೇದ್ರಲ್ಲಿ ನೀವು ಕಳ್ಳನ ಥರ ಕಾಣಿಸ್ತಿದ್ರಿ. ಇದ್ರಲ್ಲಿ ಅವ್ರು ಕಳ್ಳ ಆಗಿದ್ರೆ ಏನು ಗತಿ? ಓಟಿಪಿ ಹೋಗೋ ನಂಬರು ಅವ್ರ ಕೈಲಿದೆ. ಯಾರ ಖಾತೆ ಅಂತಾನೂ ನೀವೇ ಬರೆದು ಕೊಡ್ತಿದೀರಿ. ಬೀಗದ ಕೈ ಅವ್ರ ಹತ್ರ, ಮನೆ ವಿಳಾಸ ನಿಮ್ಮ ಮೆಸೇಜಲ್ಲಿ.”

ಇದು ನನಗೆ ಹೊಳೆದೇ ಇರಲಿಲ್ಲ. ಅವರು ನನ್ನನ್ನು ನಂಬಬೇಕು ಎಂಬ ಚಿಂತೆಯಲ್ಲಿ, ನಾನು ಅವರನ್ನು ಯಾಕೆ ನಂಬಬೇಕು ಎಂದು ಕೇಳಿಕೊಂಡಿರಲಿಲ್ಲ. ಅಲ್ಲಿಗೆ ಬರೆಯುವುದನ್ನು ಬಿಟ್ಟು ರಜೆ ಹಾಕಿ ಸಾಗರದ ಬಸ್ಸು ಹತ್ತಿದೆ.

ಗ್ಯಾಸ್ ಏಜೆನ್ಸಿಗೆ ಅಮ್ಮನ ಪುಸ್ತಕ, ಅಪ್ಪನ ಗುರುತಿನ ಚೀಟಿ ಹಿಡಿದು ಹೋದರೆ, ಕೌಂಟರಿನ ಹುಡುಗಿ ತಲೆ ಎತ್ತದೆ ನಂಬರು ಬದಲಿಸಿದಳು. ಬ್ಯಾಂಕಿನಲ್ಲಿ ಒಂದು ಅರ್ಜಿ, ನಾಲ್ಕು ಸಹಿ. ಅಪ್ಪ ನಾಲ್ಕನ್ನೂ ನಾಲ್ಕು ಥರ ಮಾಡಿದ್ದರಿಂದ ಇನ್ನೊಂದು ಅರ್ಜಿ. ಆಧಾರ್‌ಗೆ ಅಪ್ಪ ಕೇಂದ್ರಕ್ಕೇ ಹೋಗಿ ಬೆರಳು ಒತ್ತಿ ಬಂದರು. ಹಳೆಯ ನಂಬರಿಗೆ ಬರುವ ಕೋಡು ಇವರು ಯಾರಿಗೂ ಬೇಕಿರಲಿಲ್ಲ. ಅಂದರೆ ಆ ಬಾಲಕೃಷ್ಣನ ಹತ್ತಿರ ನಾನು ಅಂಗಲಾಚಿದ ವಸ್ತುವಿನ ಅಗತ್ಯವೇ ಇರಲಿಲ್ಲ. ಆ ನಾಲ್ಕಂಕಿ ಅಡುಗೆ ಅನಿಲದ್ದೋ ಯಾರದೋ ಖಾತೆ ತೆಗೆಯುವುದೋ ಎಂದು ಅವರಿಗೆ ನನ್ನ ಮಾತಿನ ಹೊರತು ಬೇರೆ ಆಧಾರವಿಲ್ಲ. ನಾನು ಸುಳ್ಳನಾಗಿದ್ದರೆ ಕೆಡುಕಾಗುವಂಥ ಉಪಕಾರ ಅದು. ಅಂಥದ್ದನ್ನು ಎಷ್ಟು ಚೆಂದದ ಕನ್ನಡದಲ್ಲಿ ಕೇಳಿದರೂ ಕೊಡಬಾರದು.

ಹಾಗಾದರೆ ಮೆಸೇಜೇ ಬೇಡವಲ್ಲ ಎಂದುಕೊಂಡೆ. ಅಪ್ಪ ಬಿಡಲಿಲ್ಲ. ಅವರ ಸ್ನೇಹಿತರ ಡೈರಿಗಳಲ್ಲೆಲ್ಲ ಹಳೆಯ ನಂಬರೇ ಇದೆ. ದೇವಸ್ಥಾನದ ಸಮಿತಿಯವರು, ತೋಟದ ಕೆಲಸದವರು, ಬೆಳಿಗ್ಗೆ ಅಡಿಕೆ ರೇಟು ಕೇಳುವ ಒಬ್ಬ ಗೆಳೆಯರು. “ಅವರಿಗೆಲ್ಲ ಯಾರು ಹೇಳ್ತಾರೆ? ನಾನು ತೀರಿಕೊಂಡೆ ಅಂದ್ಕೊಂಡ್ರೆ?” ಎಂದರು. ಆ ಸಾಧ್ಯತೆಯ ಬಗ್ಗೆ ಅವರಿಗೆ ಸಣ್ಣ ಕುತೂಹಲವೂ ಇದ್ದಂತಿತ್ತು.

ಉಪಕಾರ ಈಗ ಇಷ್ಟಕ್ಕೆ ಇಳಿದಿತ್ತು. ಯಾರಾದರೂ ಮೇಷ್ಟ್ರನ್ನು ಕೇಳಿ ಫೋನ್ ಮಾಡಿದರೆ ‘ನಂಬರ್ ಬದಲಾಗಿದೆ’ ಎನ್ನುವುದು. ಹೊಸ ನಂಬರನ್ನೂ ಕೊಡಿ ಎಂದು ಸೇರಿಸಿದ್ದೆ, ಹೆಂಡತಿ ಹೊಡೆದು ಹಾಕಿದಳು. ಪಾಪ, ಅವರೇನು ನಮ್ಮ ಟೆಲಿಫೋನ್ ಎಕ್ಸ್‌ಚೇಂಜಾ? ಬೇಕಾದವರಿಗೆ ಸಾಗರದ ಮನೆ ಗೊತ್ತು, ನಡೆದುಕೊಂಡು ಬರುತ್ತಾರೆ.

ನನ್ನ ನಂಬರು ಬ್ಲಾಕ್ ಆಗಿತ್ತಲ್ಲ, ಅವಳ ಫೋನಿನಿಂದ ಕಳಿಸಬೇಕಾಯಿತು. ಬ್ಲಾಕ್ ಆದವನು ಬೇರೆ ನಂಬರಿನಿಂದ ಬರುವುದಕ್ಕಿಂತ ಅನುಮಾನಾಸ್ಪದವಾದದ್ದು ಇನ್ನೊಂದಿಲ್ಲ. ಅವಳ ಷರತ್ತು ಎರಡು. ಹಿಂದಿನ ಮೆಸೇಜು ನಿಮ್ಮದೇ ಎಂದು ಒಪ್ಪಿಕೊಳ್ಳಬೇಕು. ಉತ್ತರ ಬರದಿದ್ದರೆ ಮತ್ತೆ ಕೆಣಕಬಾರದು. ‘ಸರ್’ ಹೋಗಿ ‘ನಮಸ್ಕಾರ’ ಬಂತು, ಬಾಲಕೃಷ್ಣನ ಹಿಂದಿರುವವರು ಗಂಡೋ ಹೆಣ್ಣೋ ನಮಗೇನು ಗೊತ್ತು? ‘ದಯವಿಟ್ಟು’ ನಾಲ್ಕು ಕಡೆ ಇದ್ದದ್ದು ಒಂದಕ್ಕೆ ಇಳಿಯಿತು. ಲಿಂಕಿಲ್ಲ, ಫೋಟೋ ಇಲ್ಲ. ಮದುವೆ ಪತ್ರಿಕೆಯ ಹೆಸರಿನಲ್ಲೂ ಜನರ ಫೋನಿಗೆ ಕನ್ನ ಹಾಕುವ ಕಾಲದಲ್ಲಿ ನಮ್ಮ ಗ್ಯಾಸ್ ಪುಸ್ತಕವನ್ನು ಯಾರು ತೆರೆದಾರು?

ನಂಬಿಕೆ ಹುಟ್ಟಿಸುವುದು ಹೇಗೆ ಎಂಬಲ್ಲಿ ಮಾತ್ರ ಬಹಳ ಹೊತ್ತು ಸಿಕ್ಕಿಕೊಂಡೆವು. ನಾನು ಏನು ಸಾಕ್ಷಿ ಕಳಿಸಿದರೂ ಅದು ನಾನು ಕಳಿಸಿದ ಸಾಕ್ಷಿಯೇ. ಕೊನೆಗೆ ಹೊಳೆಯಿತು, ಸಾಕ್ಷಿ ಅವರ ಫೋನಿನಲ್ಲೇ ಇದೆ! ಇಷ್ಟು ದಿನ ಮೇಷ್ಟ್ರನ್ನು ಕೇಳಿ ಕರೆ ಬಂದಿದ್ದರೆ ನಮ್ಮ ಮಾತು ನಿಜ, ಬಂದಿಲ್ಲದಿದ್ದರೆ ಉಪಕಾರದ ಪ್ರಶ್ನೆಯೇ ಇಲ್ಲ. ಐದನೆಯ ಕರಡು ಹೀಗಿತ್ತು.

“ನಮಸ್ಕಾರ. ನಿಮ್ಮ ಈ ನಂಬರ್ ಮೊದಲು ಸಾಗರದಲ್ಲಿರುವ ನಮ್ಮ ಮಾವನವರದಾಗಿತ್ತು. ಹೋದ ವಾರ ಓಟಿಪಿ ಕೇಳಿದ್ದು ನನ್ನ ಯಜಮಾನರು. ಅದು ತಪ್ಪು, ಕ್ಷಮಿಸಿ. ನಮಗೆ ಯಾವ ಓಟಿಪಿಯೂ ಬೇಡ, ಯಾರು ಕೇಳಿದರೂ ಕೊಡಬೇಡಿ. ‘ಮೇಷ್ಟ್ರು ಇದಾರಾ?’ ಎಂದು ನಿಮಗೆ ಕರೆಗಳು ಬರುತ್ತಿರಬಹುದು. ಬಂದರೆ ‘ಅವರ ನಂಬರ್ ಬದಲಾಗಿದೆ’ ಎಂದಷ್ಟೇ ಹೇಳುತ್ತೀರಾ ದಯವಿಟ್ಟು? ಅಂಥ ಕರೆ ಬಂದಿಲ್ಲವಾದರೆ ಈ ಮೆಸೇಜ್ ಅಳಿಸಿಬಿಡಿ. ಉತ್ತರಿಸಲೇಬೇಕೆಂದಿಲ್ಲ, ನಾವು ಮತ್ತೆ ಮೆಸೇಜ್ ಮಾಡುವುದಿಲ್ಲ.”

ಮಾವನ ಹೆಸರಿಲ್ಲ, ಬ್ಯಾಂಕಿಲ್ಲ, ಬೈಪಾಸ್ ಇಲ್ಲ. ನನಗೆ ಸ್ವಲ್ಪ ಸಪ್ಪೆ ಅನಿಸಿತು. ‘ತಮ್ಮ ಉಪಕಾರವನ್ನು ಆಜನ್ಮ ಮರೆಯೆವು’ ಎಂಬ ನನ್ನ ಸಾಲನ್ನು ಸೇರಿಸಲು ಕೊನೆಯ ಕ್ಷಣದವರೆಗೂ ಹೋರಾಡಿ ಸೋತೆ.

ಮೂರು ದಿನ ಸದ್ದಿಲ್ಲ. ನೀಲಿ ಗೀಟು ಬಿದ್ದಿತ್ತು, ಬಾಲಕೃಷ್ಣ ಬೆಣ್ಣೆ ತಿನ್ನುತ್ತಲೇ ಇದ್ದ, ಅದೇ ಸಮಾಧಾನ. ನಾಲ್ಕನೆಯ ದಿನ ಒಂದು ಆಡಿಯೋ ಬಂತು. ಹುಬ್ಬಳ್ಳಿ ಕಡೆಯ ಹೆಣ್ಣು ದನಿ, ಹಿಂದೆ ಹೊಲಿಗೆ ಮಷಿನ್ನಿನ ಸದ್ದು.

“ಅಯ್ಯ, ನೀವ ಏನ್ರಿ ಅಕ್ಕಾ ಆ ಮಾಸ್ತರ ಮನ್ಯಾವ್ರು! ದಿನಾ ಮುಂಜಾನೆ ಒಬ್ಬ ಅಜ್ಜಾರು ಫೋನ್ ಹಚ್ಚತಾರ್ರಿ, ‘ಮೇಷ್ಟ್ರೇ, ಅಡಿಕೆ ರೇಟ್ ಎಷ್ಟು?’ ಅಂತ. ರಾಂಗ್ ನಂಬರ್ ಅಂದ್ರ ಅವ್ರಿಗೆ ಕೇಳಸೂದಿಲ್ರಿ. ನಂಗೂ ಸಾಕಾಗಿ, ಈಗ ಮೊಬೈಲ್‌ನ್ಯಾಗ ರೇಟ್ ನೋಡಿ ಇಟ್ಕೊಂಡಿರ್ತೀನ್ರಿ. ಹೇಳಿದ ಕೂಡ್ಲೇ ‘ದೇವರು ಒಳ್ಳೇದು ಮಾಡ್ಲಿ’ ಅಂದು ಇಡತಾರ್ರಿ. ನಾಳಿಂದ ನಂಬರ್ ಬದ್ಲ ಆಗೇತಿ ಅಂತನೂ ಹೇಳತೀನಿ ತಗೋರಿ. ಆದ್ರ ನಿಮ್ಮ ಯಜಮಾನ್ರಿಗೆ ಹಂಗ ಓಟಿಪಿ ಕೇಳಬ್ಯಾಡ್ರಿ ಅಂತ ಹೇಳ್ರಿ ಅಕ್ಕಾ. ನಾನು ಸೈಬರ್ ದೂರಿನ 1930ಕ್ಕ ಫೋನ್ ಹಚ್ಚಾಕ ಹೊಂಟಿದ್ದೆ, ಅಷ್ಟರಾಗ ಗಿರಾಕಿ ಬಂದ್ಬಿಟ್ರು.”

ಆ ಗಿರಾಕಿಗೆ, ಅವರು ಹೊಲಿಸಲು ಕೊಟ್ಟ ಜಂಪರಿಗೆ, ನಾನು ಮನಸ್ಸಿನಲ್ಲೇ ಕೈಮುಗಿದೆ. ಆಡಿಯೋವನ್ನು ಅಪ್ಪನಿಗೆ ಫೋನಿನಲ್ಲಿ ಕೇಳಿಸಿದೆ. ಪೂರ್ತಿ ಕೇಳಿ, ತುಸು ಯೋಚಿಸಿ, ಅವರು ಒಂದೇ ಪ್ರಶ್ನೆ ಕೇಳಿದರು.

“ಆ ಹುಡುಗಿ ಹೇಳೋದು ರಾಶಿ ರೇಟೋ, ಚಾಲಿ ರೇಟೋ?”